‘ಪಡೆಯಬಹುದು’ ಎಂಬ ಭರವಸೆ: ಸಾಲ ಮತ್ತು ವಿಮೆಯ ವಿವರಣಾ ಲೇಖನಗಳ ಶೀರ್ಷಿಕೆಗಳನ್ನು ಕುರಿತು

ಸಾಲ ಮತ್ತು ವಿಮೆಯ ಯೋಜನೆಗಳನ್ನು ಸಾಮಾನ್ಯ ಓದುಗರಿಗೆ ತಿಳಿಸಿಕೊಡುವ ಲೇಖನಗಳು ಕನ್ನಡದಲ್ಲಿ ಇಂದು ಹೇರಳವಾಗಿವೆ. ಇವುಗಳ ಶೀರ್ಷಿಕೆಯನ್ನು ತಿದ್ದುವ ಸಂಪಾದಕರು ಸಾಮಾನ್ಯವಾಗಿ ಒಂದು ಪದಪಟ್ಟಿಯನ್ನು ಆಧರಿಸುತ್ತಾರೆ. ‘ಖಾತರಿ’, ‘ಗ್ಯಾರಂಟಿ’, ‘ಖಂಡಿತ’, ‘ನಿಶ್ಚಿತ’ ಮುಂತಾದ ಮಾತುಗಳನ್ನು ಹೊಡೆದುಹಾಕಿದರೆ ಶೀರ್ಷಿಕೆ ನಿರ್ದೋಷವಾಯಿತೆಂಬುದು ಈ ಕ್ರಮದ ಹಿಂದಿನ ನಂಬಿಕೆ. ಈ ನಂಬಿಕೆ ಕನ್ನಡದ ಮಟ್ಟಿಗೆ ಸರಿಯಲ್ಲವೆಂದು ನಾವು ವಾದಿಸುತ್ತೇವೆ. ಕನ್ನಡ ಶೀರ್ಷಿಕೆಯಲ್ಲಿ ಭರವಸೆ ಇರುವುದು ಮುಖ್ಯವಾಗಿ ಪದಗಳಲ್ಲಿ ಅಲ್ಲ. ವಿಭಕ್ತಿಯಲ್ಲಿ, ಲೋಪಗೊಂಡ ಕ್ರಿಯಾಪದದಲ್ಲಿ, ಹೇಳದೆ ಉಳಿದ ಷಷ್ಠಿಯಲ್ಲಿ ಅದು ನೆಲೆಸಿದೆ. ಪದಪಟ್ಟಿ ಇವುಗಳಲ್ಲಿ ಯಾವುದನ್ನೂ ಹಿಡಿಯಲಾರದು.

ಚರ್ಚೆಗೆ ನೆಲೆಯೊಂದು ಬೇಕೆಂದು ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಹೊಸಹಳ್ಳಿ ಭಾಗದ ಮಳೆಯಾಶ್ರಿತ ಶೇಂಗಾ ಬೆಳೆಗಾರನನ್ನು ನಮ್ಮ ಓದುಗನೆಂದು ಕಲ್ಪಿಸಿಕೊಂಡಿದ್ದೇವೆ. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳ ಒಣಬೇಸಾಯದ ರೈತರ ಸ್ಥಿತಿಯೂ ಇದಕ್ಕಿಂತ ಬಹಳ ಭಿನ್ನವಲ್ಲ. ಬೆಳೆ ಸಾಲ ಮತ್ತು ಬೆಳೆ ವಿಮೆ ಇಲ್ಲಿ ಮುಂಗಾರಿನೊಡನೆ ವರ್ಷವರ್ಷವೂ ಬರುವ ವಿಷಯಗಳು. ಕೆಳಗೆ ಉದಾಹರಿಸಿದ ಶೀರ್ಷಿಕೆಗಳನ್ನು ರೂಢಿಯ ಮಾದರಿಯಲ್ಲಿ ನಾವೇ ರಚಿಸಿದ್ದೇವೆ; ಯಾವ ಪತ್ರಿಕೆಯಿಂದಲೂ ಉದ್ಧರಿಸಿಲ್ಲ. ನಮ್ಮ ಟೀಕೆಯ ಗುರಿ ರೂಢಿಯೇ ಹೊರತು ಯಾವುದೇ ಪತ್ರಿಕೆಯಲ್ಲ.

ಕಾನೂನು ಈ ವಿಷಯವನ್ನು ಹೇಗೆ ನೋಡುತ್ತದೆಂಬುದನ್ನು ಮೊದಲು ಗಮನಿಸಬಹುದು. 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದ 2(28)ನೇ ಪ್ರಕರಣವು ಸುಳ್ಳು ಗ್ಯಾರಂಟಿ ನೀಡುವ, ಸರಕು ಅಥವಾ ಸೇವೆಯ ಸ್ವರೂಪ, ಪ್ರಮಾಣ, ಗುಣಮಟ್ಟಗಳ ಬಗ್ಗೆ ಗ್ರಾಹಕರನ್ನು ತಪ್ಪುದಾರಿಗೆಳೆಯುವ ಸಂಭವವಿರುವ, ಮುಖ್ಯ ಮಾಹಿತಿಯನ್ನು ಉದ್ದೇಶಪೂರ್ವಕವಾಗಿ ಮರೆಮಾಚುವ ಜಾಹೀರಾತನ್ನು ದಾರಿತಪ್ಪಿಸುವ ಜಾಹೀರಾತೆಂದು ಕರೆಯುತ್ತದೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಕ್ಕುನಿರಾಕರಣೆಯ ಮಾತು ಮೂಲ ಹೇಳಿಕೆಯ ಭಾಷೆಯಲ್ಲೇ ಇರಬೇಕೆಂದೂ ಆ ಹೇಳಿಕೆಗೆ ವಿರುದ್ಧವಾಗಿರಬಾರದೆಂದೂ ವಿಧಿಸಿವೆ. ಭಾಷಾವಿಜ್ಞಾನಿಗೆ ಇದು ಸ್ವಾಗತಾರ್ಹ ನಿಯಮ. ಆದರೆ ಇವೆಲ್ಲ ಜಾಹೀರಾತಿಗೆ ಸಂಬಂಧಿಸಿದವು. ಯೋಜನೆಯೊಂದನ್ನು ವಿವರಿಸುವ ಪತ್ರಿಕಾ ಲೇಖನವನ್ನು ಸಾಮಾನ್ಯವಾಗಿ ಯಾರೂ ಜಾಹೀರಾತೆಂದು ಎಣಿಸುವುದಿಲ್ಲ. ಅಲ್ಲಿ ಉಳಿಯುವುದು ಬರೆಯುವವರ ಭಾಷಾವಿವೇಕ ಮಾತ್ರ. ಆ ವಿವೇಕ ಪದಪಟ್ಟಿಗೆ ಸೀಮಿತವಾಗಿದೆಯೆಂಬುದೇ ನಮ್ಮ ಆಕ್ಷೇಪ.

ಪಟ್ಟಿಯ ಪದಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ‘ಗ್ಯಾರಂಟಿ’ ಎಂಬುದು ಮಾತಿನ ಕನ್ನಡದಲ್ಲಿ ಬಹುಕಾಲದಿಂದ ಕ್ರಿಯಾವಿಶೇಷಣವಾಗಿದೆ: ‘ನಾಳೆ ಗ್ಯಾರಂಟಿ ಬರ್ತಾನೆ.’ 2023ರ ವಿಧಾನಸಭಾ ಚುನಾವಣೆಯ ಬಳಿಕ ಅದು ಕರ್ನಾಟಕದಲ್ಲಿ ಐದು ಸರ್ಕಾರಿ ಯೋಜನೆಗಳ ಹೆಸರೂ ಆಗಿದೆ. ‘ಗ್ಯಾರಂಟಿ ಹಣ’ ಎಂದರೆ ಖಚಿತವಾದ ಹಣವೆಂದು ಈಗ ಯಾರೂ ಅರ್ಥಮಾಡುವುದಿಲ್ಲ, ಯೋಜನೆಯ ಹಣವೆಂದೇ ತಿಳಿಯುತ್ತಾರೆ. ‘ಖಾತ್ರಿ’ಯ ಕಥೆ ಇನ್ನೂ ಹಳೆಯದು. 2005ರ ಉದ್ಯೋಗ ಖಾತರಿ ಅಧಿನಿಯಮದ ತರುವಾಯ ಹಳ್ಳಿಗಳಲ್ಲಿ ‘ಖಾತ್ರಿ ಕೆಲಸ’ ಎಂಬುದು ಒಂದು ಬಗೆಯ ಕೆಲಸದ ಹೆಸರಾಯಿತು. ಹೀಗೆ ಅರ್ಥ ಸವೆದುಹೋದ ಪದಗಳನ್ನು ನಿಷೇಧಿಸಿ, ಸವೆಯದೆ ಉಳಿದಿರುವ ವ್ಯಾಕರಣದ ಭರವಸೆಯನ್ನು ಹಾಗೆಯೇ ಬಿಡುವುದು ವಿಚಿತ್ರವಾದ ಎಚ್ಚರಿಕೆ.

ಆ ವ್ಯಾಕರಣದ ಮೊದಲ ನಿದರ್ಶನವಾಗಿ ‘ರೈತರಿಗೆ 5 ಲಕ್ಷ ರೂಪಾಯಿ ಶೂನ್ಯ ಬಡ್ಡಿ ಸಾಲ’ ಎಂಬ ಶೀರ್ಷಿಕೆಯನ್ನು ತೆಗೆದುಕೊಳ್ಳೋಣ. ಇದರಲ್ಲಿ ಪಟ್ಟಿಯ ಒಂದು ಪದವೂ ಇಲ್ಲ. ಇರುವುದು ಚತುರ್ಥೀ ವಿಭಕ್ತಿಯ ಒಂದು ನಾಮಪದ, ಒಂದು ಮೊತ್ತ, ಒಂದು ಸಮಾಸ. ಕ್ರಿಯಾಪದ ಲೋಪವಾಗಿದೆ. ದಕ್ಷಿಣ ಏಷ್ಯಾದ ಭಾಷೆಗಳಲ್ಲಿ ಚತುರ್ಥೀ ಕರ್ತೃವಿನ ಬಗ್ಗೆ ವಿಪುಲವಾದ ಚರ್ಚೆ ನಡೆದಿದೆ; ಅನುಭವಿಸುವವನು, ಹೊಂದಿರುವವನು, ಪಡೆಯುವವನು ಇವರೆಲ್ಲರನ್ನೂ ಈ ವಿಭಕ್ತಿ ಸೂಚಿಸಬಲ್ಲದು. ಆದ್ದರಿಂದ ಕ್ರಿಯೆ ಕಾಣೆಯಾದಾಗ ಅಧ್ಯಾಹಾರಕ್ಕೆ ಹಲವು ಆಯ್ಕೆಗಳಿರುತ್ತವೆ. ‘ರೈತರಿಗೆ ಸಾಲ ಇದೆ’ ಎಂದು ಪೂರ್ಣಗೊಳಿಸಿದರೆ ಅವರು ಋಣಭಾರದಲ್ಲಿದ್ದಾರೆಂದಾಗುತ್ತದೆ. ‘ರೈತರಿಗೆ ಸಾಲ ಸಿಗುತ್ತದೆ’ ಎಂದರೆ ಪ್ರಯೋಜನವಾಗುತ್ತದೆ. ಸಾಲಿಗನ ಕೈಗೆ ಬರುವ ಹಣಕ್ಕೂ ಅವನ ತಲೆಯ ಮೇಲಿನ ಬಾಕಿಗೂ ಕನ್ನಡದಲ್ಲಿ ಒಂದೇ ಹೆಸರು. ಮೊತ್ತವನ್ನು ಮುಂದಿಟ್ಟ ಶೀರ್ಷಿಕೆ ಮೊದಲ ಅರ್ಥವನ್ನೇ ಬೆಳಗಿಸಿ ಎರಡನೆಯದನ್ನು ನೆರಳಿಗೆ ಸರಿಸುತ್ತದೆ.

ಲೋಪಗೊಂಡ ‘ಸಿಗುತ್ತದೆ’ಯನ್ನು ಬಾಯಿಬಿಟ್ಟು ಹೇಳಿದರೂ ತೊಂದರೆ ತೀರುವುದಿಲ್ಲ. ‘-ಉತ್ತದೆ’ ರೂಪವು ರೂಢಿಯನ್ನೂ ಭವಿಷ್ಯವನ್ನೂ ಏಕಕಾಲಕ್ಕೆ ಹೇಳುತ್ತದೆ. ‘ಈ ಯೋಜನೆಯಲ್ಲಿ ಸಾಲ ಸಿಗುತ್ತದೆ’ ಎಂದು ಬರೆದ ಲೇಖಕ ಯೋಜನೆಯ ಸಾಮಾನ್ಯ ಲಕ್ಷಣವನ್ನು ಹೇಳುತ್ತಿರಬಹುದು. ಓದುವ ರೈತ ತನಗೆ ಮುಂದೆ ಆಗಲಿರುವುದನ್ನು ಅದರಲ್ಲಿ ಕೇಳುತ್ತಾನೆ. ಎರಡು ಓದುಗಳೂ ವ್ಯಾಕರಣಸಮ್ಮತವೇ.

ಇನ್ನು ಸಮಾಸಕ್ಕೆ ಬರೋಣ. 2023-24ನೇ ಸಾಲಿನ ಆಯವ್ಯಯದಲ್ಲಿ ರಾಜ್ಯ ಸರ್ಕಾರವು ಶೂನ್ಯ ಬಡ್ಡಿಯ ಅಲ್ಪಾವಧಿ ಕೃಷಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸುವುದಾಗಿ ಪ್ರಕಟಿಸಿತು. ಸಹಕಾರ ಸಂಘದ ಈ ಸಾಲಕ್ಕೆ ಬಡ್ಡಿಯೇ ಇಲ್ಲವೆಂದಲ್ಲ. ರೈತನು ಗಡುವಿನೊಳಗೆ ಅಸಲನ್ನು ತೀರಿಸಿದರೆ ಅವನ ಪಾಲಿನ ಬಡ್ಡಿಯನ್ನು ಸರ್ಕಾರ ತುಂಬಿಕೊಡುತ್ತದೆ. ಗಡುವು ತಪ್ಪಿದರೆ ಆ ರಿಯಾಯಿತಿ ತಪ್ಪುತ್ತದೆ. ಅಂದರೆ ಶೂನ್ಯತ್ವ ಸಾಲದ ಗುಣವಲ್ಲ, ಮರುಪಾವತಿಯ ಗುಣ. ‘ಶೂನ್ಯ ಬಡ್ಡಿ ಸಾಲ’ ಎಂಬ ಸಮಾಸವಾದರೋ ಅದನ್ನು ಸಾಲದ ಸಹಜ ವಿಶೇಷಣವನ್ನಾಗಿ ಮಾಡುತ್ತದೆ, ಕೆಂಪು ಮಣ್ಣಿಗೆ ಕೆಂಪು ಹೇಗೋ ಹಾಗೆ. ಸಮಾಸದೊಳಗೆ ಪಕ್ಷಾರ್ಥಕ ಕ್ರಿಯೆಗೆ ಜಾಗವಿಲ್ಲ. ‘ತೀರಿಸಿದರೆ’ ಎಂಬುದನ್ನು ಅಲ್ಲಿ ತುರುಕಲಾಗದು. ಷರತ್ತು ಬಿದ್ದುಹೋಗುವುದು ಲೇಖಕನ ದುರುದ್ದೇಶದಿಂದಲೇ ಆಗಬೇಕೆಂದಿಲ್ಲ; ಅವನು ಆರಿಸಿಕೊಂಡ ರಚನೆ ಅದನ್ನು ಹೊರಗಿಡುತ್ತದೆ.

ಮೊತ್ತದ ವಿಚಾರದಲ್ಲಿ ‘ವರೆಗೆ’ ಎಂಬ ಅವ್ಯಯವನ್ನು ಸೇರಿಸಿದರೆ ಸಾಕೆಂದು ಕೆಲವರು ಹೇಳಿಯಾರು. ಸೇರಿಸುವುದು ಅಗತ್ಯವೇ. ಆದರೆ ‘ವರೆಗೆ’ ಮೇಲಿನ ಎಲ್ಲೆಯನ್ನು ಮಾತ್ರ ಹೇಳುತ್ತದೆ, ಎಲ್ಲೆಯ ಕೆಳಗೆ ರೈತ ಎಲ್ಲಿ ನಿಲ್ಲುತ್ತಾನೆಂಬುದನ್ನಲ್ಲ. ಬೆಳೆ ಸಾಲದ ಮೊತ್ತ ನಿರ್ಧಾರವಾಗುವುದು ಆಯಾ ಬೆಳೆಗೆ ಎಕರೆಗೆ ಇಂತಿಷ್ಟೆಂದು ಜಿಲ್ಲಾ ಮಟ್ಟದಲ್ಲಿ ನಿಗದಿಯಾದ ದರದಿಂದ ಮತ್ತು ಪಹಣಿಯಲ್ಲಿರುವ ವಿಸ್ತೀರ್ಣದಿಂದ. ದರ ಎಕರೆಗೆ 30,000 ರೂಪಾಯಿ ಎಂದು ಊಹಿಸಿಕೊಂಡರೆ, 3 ಎಕರೆಯ ನಮ್ಮ ರೈತನಿಗೆ ದೊರೆಯಬಹುದಾದದ್ದು 90,000 ರೂಪಾಯಿ. 5 ಲಕ್ಷ ಎಂಬ ಅಂಕಿಗೂ ಅವನಿಗೂ ಸಂಬಂಧವೇ ಇಲ್ಲ. ಅವನಿಗೆ ಉಪಯುಕ್ತವಾದ ಶೀರ್ಷಿಕೆ ಮೊತ್ತವನ್ನು ಬಿಟ್ಟು ಹೀಗಿರಬಹುದಿತ್ತು: ‘ಗಡುವಿನೊಳಗೆ ತೀರಿಸಿದರೆ ಬಡ್ಡಿಯಿಲ್ಲ: ಸಹಕಾರ ಸಂಘದ ಬೆಳೆ ಸಾಲದ ಲೆಕ್ಕ.’ ಕನ್ನಡದಲ್ಲಿ ಪಕ್ಷಾರ್ಥಕ ವಾಕ್ಯಾಂಗ ಪ್ರಧಾನ ವಾಕ್ಯಕ್ಕಿಂತ ಮುಂಚೆ ಬರುವುದು ಸಹಜವಾದ ಕ್ರಮ. ಜಾಗ ಸಾಲದೆ ಶೀರ್ಷಿಕೆಯ ಬಾಲ ಕತ್ತರಿಸಿಹೋದರೂ ಷರತ್ತು ಉಳಿಯುತ್ತದೆ. ‘ಶೂನ್ಯ ಬಡ್ಡಿ ಸಾಲ: ಷರತ್ತುಗಳೇನು?’ ಎಂಬ ಈಗಿನ ರೂಢಿ ಈ ಸಹಜ ಕ್ರಮವನ್ನು ತಲೆಕೆಳಗು ಮಾಡಿ, ಕತ್ತರಿಸಿಹೋಗುವ ಜಾಗಕ್ಕೇ ಷರತ್ತನ್ನು ತಳ್ಳುತ್ತದೆ.

ಎಚ್ಚರದ ಸಂಪಾದಕರು ಹೆಚ್ಚಾಗಿ ಆಶ್ರಯಿಸುವ ಉಪಾಯ ‘-ಬಹುದು’. ‘ಸಿಗುತ್ತದೆ’ ಎಂಬಲ್ಲಿ ‘ಪಡೆಯಬಹುದು’ ಎಂದು ಬರೆದರೆ ಭರವಸೆ ತೆಳುವಾಯಿತೆಂದು ಅವರ ಎಣಿಕೆ. ಇಲ್ಲಿಯೇ ಕನ್ನಡ ಅವರಿಗೆ ಕೈಕೊಡುತ್ತದೆ. ‘-ಬಹುದು’ ಅನುಮತಿ ಮತ್ತು ಸಾಮರ್ಥ್ಯವನ್ನೂ ಹೇಳುತ್ತದೆ, ಸಂಭಾವನೆಯನ್ನೂ ಹೇಳುತ್ತದೆ. ಯಾವುದನ್ನು ಹೇಳುತ್ತದೆಂಬುದು ಬಹುಮಟ್ಟಿಗೆ ಧಾತುವಿನ ಸ್ವಭಾವವನ್ನು ಅವಲಂಬಿಸಿದೆ. ಕರ್ತೃವಿನ ಸಂಕಲ್ಪವನ್ನು ಬೇಡುವ ‘ಪಡೆ’, ‘ತೆಗೆದುಕೊ’, ‘ಮಾಡಿಸು’ ಮುಂತಾದ ಧಾತುಗಳೊಡನೆ ಅದು ಅನುಮತಿಯ ಕಡೆ ವಾಲುತ್ತದೆ. ಸಂಕಲ್ಪವಿಲ್ಲದ ‘ಸಿಗು’, ‘ಬರು’, ‘ಆಗು’ ಧಾತುಗಳೊಡನೆ ಸಂಭಾವನೆಯ ಕಡೆ ವಾಲುತ್ತದೆ.

ನಿಷೇಧರೂಪದಲ್ಲಿ ಈ ಭೇದ ನಿಚ್ಚಳವಾಗುತ್ತದೆ. ‘ನೀನು ಸಾಲ ಪಡೆಯಬಹುದು’ ಎಂಬುದರ ಎದುರು ನಿಲ್ಲುವ ಮಾತು ‘ಪಡೆಯಬಾರದು’ ಅಥವಾ ‘ಪಡೆಯಲಾಗದು’. ಒಂದು ನಿರ್ಬಂಧ, ಇನ್ನೊಂದು ಅಸಾಮರ್ಥ್ಯ. ‘ಸಾಲ ಸಿಗಬಹುದು’ ಎಂಬುದರ ಎದುರು ನಿಲ್ಲುವುದು ‘ಸಿಗಲಿಕ್ಕಿಲ್ಲ’, ಅಂದರೆ ಕೇವಲ ಊಹೆ. ‘ಸಾಲ ಸಿಗಬಾರದು’ ಎಂದರೆ ಅದು ಹಾರೈಕೆಯೋ ಶಾಪವೋ ಆಗಿ ಬೇರೆಯೇ ಮಾತಾಗುತ್ತದೆ. ಹೀಗಿರುವಾಗ ‘ರೈತರು 5 ಲಕ್ಷದವರೆಗೆ ಸಾಲ ಪಡೆಯಬಹುದು’ ಎಂಬ ಶೀರ್ಷಿಕೆ ಅನಿಶ್ಚಿತತೆಯನ್ನು ಹೇಳುವುದೇ ಇಲ್ಲ. ಅದು ಅಧಿಕಾರವೊಂದನ್ನು ಘೋಷಿಸುತ್ತದೆ: ಬಾಗಿಲು ತೆರೆದಿದೆ, ಹೋಗುವುದು ಬಿಡುವುದು ನಿನ್ನ ಇಚ್ಛೆ. ಇಂಗ್ಲಿಷಿನ ‘ಮೇ’ ಎಂಬ ಸಹಾಯಕ ಕ್ರಿಯೆಯಲ್ಲೂ ಈ ಎರಡು ಅರ್ಥಗಳಿರುವುದು ನಿಜ. ಆದರೆ ಇಂಗ್ಲಿಷಿನಲ್ಲಿ ತೆಳುಗೊಳಿಸುವ ಮಾತಾಗಿ ಅದಕ್ಕಿರುವ ಪ್ರತಿಷ್ಠೆಯನ್ನು ಕನ್ನಡದ ‘-ಬಹುದು’ವಿಗೆ ಯಾಂತ್ರಿಕವಾಗಿ ಆರೋಪಿಸಿದ್ದೇ ಈ ತೊಡಕಿನ ಮೂಲವೆಂದು ನಮಗೆ ತೋರುತ್ತದೆ. ‘ಪಡೆಯಬಹುದು’ ಎಂಬುದನ್ನು ‘ಸಿಗಬಹುದು’ ಎಂದು ಬದಲಿಸುವುದು ಚಿಕ್ಕ ತಿದ್ದುಪಡಿ. ಅರ್ಥದಲ್ಲಿ ಅದು ದೊಡ್ಡದು.

‘ಹೇಗೆ’ ಎಂಬ ಪ್ರಶ್ನಾರ್ಥಕವೂ ಇದೇ ಬಗೆಯದು. ‘ಬೆಳೆ ವಿಮೆ ಹಣ ಪಡೆಯುವುದು ಹೇಗೆ?’ ಎಂಬ ಶೀರ್ಷಿಕೆ, ಹಣ ಪಡೆಯಲು ಸಾಧ್ಯವೆಂಬ ಪೂರ್ವಕಲ್ಪನೆಯನ್ನು ಪ್ರಶ್ನೆಯಿಲ್ಲದೆ ಒಳಗೆ ಸಾಗಿಸುತ್ತದೆ. ಅರ್ಜಿ, ಬ್ಯಾಂಕ್ ಪುಸ್ತಕ, ಪಹಣಿ ಸರಿಯಾಗಿದ್ದರೆ ಹಣ ಬಂದೇ ತೀರುವುದೆಂಬ ಭಾವನೆ ಅದರಿಂದ ಹುಟ್ಟುತ್ತದೆ. ಬೆಳೆ ವಿಮೆಯಲ್ಲಿ ಹಾಗಿಲ್ಲ. ಏಕೆ ಇಲ್ಲವೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಷರತ್ತನ್ನು ಪ್ರಾಮಾಣಿಕವಾಗಿ ಹೇಳುವ ಶೀರ್ಷಿಕೆಯೂ ಇಲ್ಲಿ ಸೋಲುತ್ತದೆ.

‘ಬೆಳೆ ಹಾಳಾದರೆ ವಿಮಾ ಪರಿಹಾರ’ ಎಂಬುದು ನೋಡಲು ಆದರ್ಶ ಶೀರ್ಷಿಕೆ. ಇದರಲ್ಲಿ ಗ್ಯಾರಂಟಿಯಿಲ್ಲ, ಮೊತ್ತವಿಲ್ಲ, ಪಕ್ಷಾರ್ಥಕ ಕ್ರಿಯೆ ಮೊದಲಿಗೇ ಇದೆ. ಆದರೆ ಯಾರ ಬೆಳೆ? ಕನ್ನಡದಲ್ಲಿ ಷಷ್ಠಿಯನ್ನು ಹೇಳದೆ ಬಿಟ್ಟಾಗ, ವಿಶೇಷವಾಗಿ ಬಂಧುಗಳು, ದೇಹದ ಅಂಗಗಳು, ಹೊಲಮನೆಗಳ ವಿಚಾರದಲ್ಲಿ, ಒಡೆತನ ಸಂದರ್ಭದಲ್ಲಿರುವ ವ್ಯಕ್ತಿಗೆ ಸಲ್ಲುತ್ತದೆ. ‘ಕೈ ನೋಯುತ್ತದೆ’ ಎಂದರೆ ನನ್ನ ಕೈ. ‘ಬೆಳೆ ಹಾಳಾದರೆ’ ಎಂದು ಓದಿದ ರೈತನಿಗೆ ಅದು ತನ್ನ ಬೆಳೆಯೇ.

ಪ್ರಧಾನ ಮಂತ್ರಿ ಫಸಲ್ ಬಿಮಾ ಯೋಜನೆ 2016ರ ಮುಂಗಾರಿನಿಂದ ಜಾರಿಯಲ್ಲಿದೆ. ಬರದಂತಹ ವ್ಯಾಪಕ ನಷ್ಟಕ್ಕೆ ಅದರಲ್ಲಿ ಪರಿಹಾರ ಲೆಕ್ಕವಾಗುವುದು ರೈತನ ಹೊಲದಿಂದಲ್ಲ, ಅಧಿಸೂಚಿತ ಘಟಕದಿಂದ. ಕರ್ನಾಟಕದಲ್ಲಿ ಮುಖ್ಯ ಬೆಳೆಗಳಿಗೆ ಆ ಘಟಕ ಗ್ರಾಮ ಪಂಚಾಯಿತಿ, ಉಳಿದವಕ್ಕೆ ಹೋಬಳಿ. ಹಿಂದಿನ 7 ವರ್ಷಗಳಲ್ಲಿ ಉತ್ತಮವಾದ 5 ವರ್ಷಗಳ ಸರಾಸರಿ ಇಳುವರಿಯನ್ನು ಆ ಬೆಳೆಗೆ ನಿಗದಿಯಾದ ಶೇಕಡಾ 70, 80 ಅಥವಾ 90ರ ನಷ್ಟಭರ್ತಿ ಮಟ್ಟದಿಂದ ಗುಣಿಸಿದರೆ ಬರುವುದನ್ನು ಮಿತಿ ಇಳುವರಿ ಎಂದು ಕರೆಯೋಣ. ಆ ವರ್ಷ ಪಂಚಾಯಿತಿಯಲ್ಲಿ ನಡೆದ ಬೆಳೆ ಕಟಾವು ಪ್ರಯೋಗಗಳ ಸರಾಸರಿ ಈ ಮಿತಿಗಿಂತ ಕೆಳಗಿಳಿದರೆ ಮಾತ್ರ ಹಣ. ಎಷ್ಟು ಭಾಗ ಕೆಳಗಿಳಿಯಿತೋ ವಿಮಾ ಮೊತ್ತದ ಅಷ್ಟು ಭಾಗ.

ಲೆಕ್ಕಕ್ಕಾಗಿ ಅಂಕಿಗಳನ್ನು ಊಹಿಸಿಕೊಳ್ಳೋಣ. ಉತ್ತಮ ವರ್ಷಗಳ ಸರಾಸರಿ ಹೆಕ್ಟೇರಿಗೆ 1,000 ಕಿಲೋ, ನಷ್ಟಭರ್ತಿ ಮಟ್ಟ ಶೇಕಡಾ 80, ಆದ್ದರಿಂದ ಮಿತಿ ಇಳುವರಿ 800 ಕಿಲೋ. ವಿಮಾ ಮೊತ್ತ ಹೆಕ್ಟೇರಿಗೆ 50,000 ರೂಪಾಯಿ. ಮುಂಗಾರಿನ ಎಣ್ಣೆಕಾಳಿಗೆ ರೈತನ ಕಂತು ಶೇಕಡಾ 2ರಂತೆ 1,000 ರೂಪಾಯಿ. ಆ ವರ್ಷ ಪಂಚಾಯಿತಿಯ ಸರಾಸರಿ 600 ಕಿಲೋ ಬಂದರೆ ಕೊರತೆ 200 ಕಿಲೋ, ಮಿತಿಯ ನಾಲ್ಕನೆಯ ಒಂದು ಭಾಗ. ಹೆಕ್ಟೇರಿಗೆ 12,500 ರೂಪಾಯಿ ಬರುತ್ತದೆ. ಶೇಂಗಾ ಪೂರ್ತಿ ಒಣಗಿದವನಿಗೂ ಅಷ್ಟೇ, ಕೊಳವೆಬಾವಿಯ ನೀರು ಹಾಯಿಸಿ ಒಂದಿಷ್ಟು ಉಳಿಸಿಕೊಂಡ ನೆರೆಯವನೂ ಅದೇ ಬೆಳೆ ವಿಭಾಗದಲ್ಲಿ ಕಂತು ಕಟ್ಟಿದ್ದರೆ ಅವನಿಗೂ ಅಷ್ಟೇ. ಸರಾಸರಿ 820 ಕಿಲೋ ಬಂದರೆ ಇಬ್ಬರಿಗೂ ಏನೂ ಇಲ್ಲ, ಒಬ್ಬನ ಹೊಲದಲ್ಲಿ ಒಂದು ಕಾಯಿ ಸಿಗದಿದ್ದರೂ. ಸ್ವಂತ ಬೆಳೆ ಹಾಳಾಗುವುದು ಹಣ ಬರುವುದಕ್ಕೆ ಅಗತ್ಯವೂ ಅಲ್ಲ, ಸಾಕಾಗುವುದೂ ಇಲ್ಲ. ‘ಬೆಳೆ ಹಾಳಾದರೆ ವಿಮಾ ಪರಿಹಾರ’ ಎಂಬ ಮಾತು ತಾರ್ಕಿಕವಾಗಿ ಎರಡು ಕಡೆಯಿಂದಲೂ ತಪ್ಪು. ತಪ್ಪಿರುವುದು ಒಂದು ಷಷ್ಠಿಯ ಲೋಪದಲ್ಲಿ.

1999-2000ರ ಹಿಂಗಾರಿನಲ್ಲಿ ಆರಂಭವಾದ ಹಿಂದಿನ ರಾಷ್ಟ್ರೀಯ ಕೃಷಿ ವಿಮಾ ಯೋಜನೆಯ ಇಂಗ್ಲಿಷ್ ಪಠ್ಯದಲ್ಲಿ ಈ ಮಿತಿ ಇಳುವರಿಗೆ ‘ಗ್ಯಾರಂಟೀಡ್ ಯೀಲ್ಡ್’ ಎಂಬ ಇನ್ನೊಂದು ಹೆಸರೂ ಇತ್ತೆಂಬುದು ಇಲ್ಲಿ ಸ್ಮರಣೀಯ. ಪದಪಟ್ಟಿಯ ಸಂಪಾದಕ ಅದನ್ನು ಕಂಡೊಡನೆ ಹೊಡೆದುಹಾಕುತ್ತಿದ್ದ. ಆದರೆ ಪಾರಿಭಾಷಿಕವಾಗಿ ಅದು ಸರಿಯಾದ ಹೆಸರು: ಖಾತರಿ ಇರುವುದು ಘಟಕದ ಇಳುವರಿಗೆ, ರೈತನ ಹೊಲಕ್ಕಲ್ಲ. ಪದ ಸರಿಯಿದ್ದು ಓದು ತಪ್ಪಾಗುವ ಸಾಧ್ಯತೆಗೂ, ಪದವೇ ಇಲ್ಲದೆ ಭರವಸೆ ಹುಟ್ಟುವ ಸಾಧ್ಯತೆಗೂ ಇದಕ್ಕಿಂತ ಉತ್ತಮ ಜೋಡಿ ನಮಗೆ ದೊರೆತಿಲ್ಲ.

ಹಾಗಾದರೆ ಶೀರ್ಷಿಕೆ ಹೇಗಿರಬೇಕು? ‘ಬೆಳೆ ಹೋದರೂ ವಿಮೆ ಬಾರದಿರಬಹುದು’ ಎಂಬ ರೂಪ ಆಕರ್ಷಕವಾಗಿದೆ. ‘-ರೂ’ ಪ್ರತ್ಯಯ ನಿರೀಕ್ಷೆಯನ್ನು ಮುರಿಯುತ್ತದೆ, ‘ಬಾರದಿರಬಹುದು’ ಸಂಭಾವನೆಯನ್ನೇ ಹೇಳುತ್ತದೆ. ನಮಗೆ ಅದು ಒಪ್ಪಿಗೆಯಿಲ್ಲ. ಅದು ಲೆಕ್ಕದ ಒಂದು ಪಕ್ಕವನ್ನಷ್ಟೇ ತೋರಿಸುತ್ತದೆ, ಹಣ ಬಾರದಿರುವುದು ಯಾರದೋ ಮರ್ಜಿಯೆಂಬ ಭಾವನೆಯನ್ನೂ ಹುಟ್ಟಿಸುತ್ತದೆ. ‘ನಿಮ್ಮ ಹೊಲವಲ್ಲ, ಪಂಚಾಯಿತಿಯ ಸರಾಸರಿ’ ಎಂಬುದು ಷಷ್ಠಿಯನ್ನು ಮರಳಿ ತರುತ್ತದೆ, ಆದರೆ ಅತಿಯಾಗಿ ಹೇಳುತ್ತದೆ. ಆಲಿಕಲ್ಲು, ಜಲಾವೃತದಂತಹ ಸ್ಥಳೀಯ ವಿಕೋಪಗಳಲ್ಲಿ ನಷ್ಟವನ್ನು ರೈತನ ಹೊಲದಲ್ಲೇ ಅಂದಾಜಿಸುತ್ತಾರೆ, ಅದಕ್ಕೆ 72 ಗಂಟೆಗಳೊಳಗೆ ತಿಳಿಸಿರಬೇಕು. ಕಟಾವಾದ ಬಳಿಕ ಹೊಲದಲ್ಲೇ ಹರಡಿ ಒಣಗಲು ಬಿಟ್ಟ ಬೆಳೆಗೂ 14 ದಿನಗಳವರೆಗೆ ಹೀಗೆಯೇ. ಆದ್ದರಿಂದ ‘ಬರಗಾಲದಲ್ಲಿ ಬೆಳೆ ವಿಮೆ: ಲೆಕ್ಕಕ್ಕೆ ಬರುವುದು ಪಂಚಾಯಿತಿಯ ಸರಾಸರಿ ಇಳುವರಿ’ ಎಂಬುದನ್ನು ನಾವು ಸೂಚಿಸುತ್ತೇವೆ. ಸಂದರ್ಭವನ್ನು ಸಪ್ತಮಿ ಸೀಮಿತಗೊಳಿಸಿದೆ; ಹಣ ಬರುವುದೆಂದಾಗಲಿ ಬಾರದೆಂದಾಗಲಿ ಶೀರ್ಷಿಕೆ ಹೇಳುತ್ತಿಲ್ಲ; ಯಾವುದರ ಮೇಲೆ ನಿರ್ಧಾರ ನಿಂತಿದೆಯೆಂಬುದನ್ನು ಮಾತ್ರ ಹೇಳುತ್ತದೆ. ಓದುಗನಿಗೆ ಈ ಮಾತು ನೀರಸವೆನಿಸದೇ ಎಂಬ ಆಕ್ಷೇಪ ಬರಬಹುದು. ಕಂತು ಕಟ್ಟಿದವನಿಗೆ ತನ್ನ ಹೊಲ ಲೆಕ್ಕಕ್ಕಿಲ್ಲವೆಂಬುದು ನೀರಸವಾದ ಸುದ್ದಿಯಲ್ಲ.

ಇನ್ನೊಂದು ತೊಡಕನ್ನು ಶೀರ್ಷಿಕೆಯ ಮಟ್ಟದಲ್ಲಿ ಪೂರ್ತಿ ಬಿಡಿಸಲಾಗದು. ‘ಪರಿಹಾರ’ ಎಂಬ ಪದವನ್ನು ವಿಮೆಯ ಹಣಕ್ಕೂ ಸರ್ಕಾರದ ಬರ ಪರಿಹಾರಕ್ಕೂ ಒಂದೇ ತೆರನಾಗಿ ಬಳಸುತ್ತೇವೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದಾಗ, ವಿಪತ್ತು ಪರಿಹಾರ ನಿಧಿಯ ಮಾನದಂಡದಂತೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿಯಂತೆ 2 ಹೆಕ್ಟೇರ್ ಮಿತಿಯೊಳಗೆ ಸಲ್ಲುವ ಹಣವೂ ‘ಬೆಳೆ ಪರಿಹಾರ’ವೇ, ಕಂತು ಕಟ್ಟಿದವನಿಗೆ ಮಾತ್ರ ಸಲ್ಲುವ ವಿಮೆಯ ಹಣವೂ ‘ಬೆಳೆ ಪರಿಹಾರ’ವೇ. ತಾಲ್ಲೂಕು ಬರಪೀಡಿತವೆಂದು ಘೋಷಿತವಾದ ಮಾತ್ರಕ್ಕೆ ವಿಮೆಯ ಹಣ ಬರಲೇಬೇಕೆಂದು ರೈತ ತರ್ಕಿಸಿದರೆ, ಆ ತರ್ಕಕ್ಕೆ ನಮ್ಮ ಪದಬಳಕೆಯೇ ಆಧಾರ ಒದಗಿಸಿದೆ. ವಿಮೆಯ ಲೇಖನಗಳಲ್ಲಿ ‘ಪರಿಹಾರ’ವನ್ನು ಕೈಬಿಟ್ಟು ‘ವಿಮೆ ಹಣ’ ಎನ್ನುವುದು ಲೇಸು.

ಆದರೆ ಆಡುಮಾತಿನಲ್ಲಿ ‘ವಿಮೆ’ಯೂ ಸ್ಥಿರವಾದ ಪದವಲ್ಲ. ‘ವಿಮೆ ಕಟ್ಟಿದೆ’ ಎಂಬಲ್ಲಿ ಅದು ಕಂತು, ‘ವಿಮೆ ಮಾಡಿಸಿದೆ’ ಎಂಬಲ್ಲಿ ಕರಾರು, ‘ವಿಮೆ ಬಂತು’ ಎಂಬಲ್ಲಿ ಹಣ. ಅರ್ಥವನ್ನು ನಿರ್ಧರಿಸುವುದು ಜೊತೆಗಿರುವ ಕ್ರಿಯಾಪದ. ‘ಬೆಳೆ ವಿಮೆ ಬಿಡುಗಡೆ’ ಎಂಬ ಕ್ರಿಯಾಪದವಿಲ್ಲದ ಶೀರ್ಷಿಕೆಯನ್ನು ಓದಿ, ಹೆಸರು ನೋಂದಾಯಿಸಲು ಅವಕಾಶ ತೆರೆದಿದೆಯೆಂದು ತಿಳಿಯುವವರೂ ಇದ್ದಾರು, ತಮ್ಮ ಖಾತೆಗೆ ಹಣ ಬಂದಿದೆಯೆಂದು ತಿಳಿಯುವವರೂ ಇದ್ದಾರು. ಸರ್ಕಾರವು ತನ್ನ ಪಾಲಿನ ಸಹಾಯಧನವನ್ನು ವಿಮಾ ಕಂಪನಿಗೆ ಪಾವತಿಸಿತೆಂಬ ಸುದ್ದಿಗೂ ಇದೇ ಶೀರ್ಷಿಕೆ ಒಗ್ಗುತ್ತದೆ. ಇಂಥಲ್ಲಿ ಕ್ರಿಯಾಪದವನ್ನೂ ಚತುರ್ಥಿಯನ್ನೂ ಬರೆಯಲೇಬೇಕು: ‘ವಿಮಾ ಕಂಪನಿಗೆ ಸರ್ಕಾರದ ಕಂತು ಪಾವತಿಯಾಗಿದೆ, ರೈತರ ಖಾತೆಗೆ ಹಣ ಇನ್ನೂ ಬಂದಿಲ್ಲ.’